ಹುಡುಕಿದ್ದಕ್ಕೆ ಇನ್ನೂರು

‘ಚಿಲ್ಲರೆ ರಿಪೇರಿ ಇಲ್ಲ’ ಎಂದು ಬೋರ್ಡು ಬರೆಸಿ ತಂದವನು ನಾನೇ. ರೇಡಿಯೋ, ರಿಮೋಟು, ಚಾರ್ಜರು ಎಂದು ದಿನವಿಡೀ ಬೆನ್ನು ಬಗ್ಗಿಸಿ ಕೂತರೂ ಅಂಗಡಿ ಬಾಡಿಗೆ ಹುಟ್ಟುತ್ತಿರಲಿಲ್ಲ. ಇನ್ನು ಟಿವಿ ಮಾತ್ರ ಎಂದು ಹೇಳಿದೆನೇನೋ ನಿಜ, ಆದರೆ ಒಳಗೆ ಸಂಕಟ. ನಾನು ಕೆಲಸ ಕಲಿತದ್ದೇ ರೇಡಿಯೋ ಬಿಚ್ಚಿ.

ಕೌಂಟರು ನೋಡಿಕೊಳ್ಳುವ ಅತ್ತಿಗೆ ಒಂದು ವಾರ ತಡೆಯಲು ಹೇಳಿದರು. ಅಡುಗೆಮನೆಯ ಗಡಿಯಾರ ತಂದಿಟ್ಟುಕೊಂಡು ಪ್ರತಿ ಕೆಲಸದ ನಿಮಿಷ ಬರೆದರು. ನನಗೆ ಮೈಯೆಲ್ಲ ಉರಿಯಿತು, ಆದರೂ ಬೋರ್ಡನ್ನು ತೂಗುಹಾಕದೆ ಮೂಲೆಗಿಟ್ಟೆ.

ವಾರದ ಕೊನೆಗೆ ನನ್ನ ದಡ್ಡತನ ಹಾಳೆಯ ಮೇಲಿತ್ತು. ನಾನು ಹಾಕಿದ ಭಾಗದ ಬೆಲೆಯ ಎರಡರಷ್ಟು ವಸೂಲಿ ಮಾಡುತ್ತಿದ್ದೆ. ಐದು ರೂಪಾಯಿಯ ಕೆಪಾಸಿಟರಿಗೆ ಹತ್ತು. ಕೆಟ್ಟದ್ದು ಅದೇ ಎಂದು ಹುಡುಕಲು ಹಿಡಿದ ಅರ್ಧ ಗಂಟೆ ಪುಕ್ಕಟೆ. ಏನನ್ನೂ ಹಾಕದೆ ಸರಿಮಾಡಿದರಂತೂ ನಾಚಿಕೊಂಡು ‘ಏನೂ ಬೇಡ’ ಎನ್ನುತ್ತಿದ್ದೆ.

“ನಿನ್ನ ಒಳ್ಳೇ ಕೆಲಸಕ್ಕೇ ನೀನು ದುಡ್ಡು ತಗೊಳ್ತಿಲ್ಲ” ಅಂದರು ಅತ್ತಿಗೆ.

ಬಾಡಿಗೆ, ಕರೆಂಟು, ನಮ್ಮಿಬ್ಬರ ಸಂಬಳ ಕೂಡಿಸಿ, ನಾನು ನಿಜವಾಗಿ ರಿಪೇರಿಗೆ ಕೂರುವ ಗಂಟೆಗಳಿಗೆ ಭಾಗಿಸಿದರು. ಗಂಟೆಗೆ ನಾನೂರು ಬಂತು. ನನ್ನದೇ ಬೋರ್ಡಿನ ಹಿಂಬದಿಗೆ ಅಚ್ಚುಕಟ್ಟಾಗಿ ಬರೆದರು: ಪರೀಕ್ಷೆಗೆ ನೂರು, ರಿಪೇರಿ ಮಾಡಿಸಿದರೆ ಅದು ಕೂಲಿಯಲ್ಲಿ ವಜಾ. ಕೂಲಿ ಕನಿಷ್ಠ ಅರ್ಧ ಗಂಟೆ, ಇನ್ನೂರು. ಸಣ್ಣ ಭಾಗ ಯಾವುದಾದರೂ ನಲವತ್ತು. ದೊಡ್ಡ ಭಾಗಕ್ಕೆ ಕೊಂಡ ಬೆಲೆಯ ಮೇಲೆ ಶೇಕಡಾ ಇಪ್ಪತ್ತು. ಐದರ ವಸ್ತುವಿಗೆ ನಲವತ್ತೇ ಎಂದು ನಾನು ಬಾಯಿ ಬಿಟ್ಟೆ. ತರಲು ಹೋಗಿ ಬರುವುದು, ಕೆಟ್ಟರೆ ಮತ್ತೆ ಪುಕ್ಕಟೆ ಹಾಕುವುದು, ಅದೆಲ್ಲ ಯಾರ ತಲೆಗೆ ಎಂದು ಕೇಳಿದರು.

ಜನ ಓಡಿಹೋಗುತ್ತಾರೆ ಎಂದೆ. ಹಾಗಾದರೆ ತಿಂಗಳ ಕೊನೆಗೆ ಬೋರ್ಡು ತಿರುಗಿಸು ಎಂದು ದಾರಕ್ಕೆ ತೂಗುಹಾಕಿದರು.

ಮೊದಲು ಬಂದವರು ಸಂಗೀತದ ಮೇಷ್ಟ್ರು. ಅವರ ಕೀಬೋರ್ಡಿನಲ್ಲಿ ಮೂರು ಸ್ವರದ ಮನೆ ಎಷ್ಟು ಒತ್ತಿದರೂ ಮೂಕವಾಗಿದ್ದವು. ನೂರು ಕೊಟ್ಟು, ಮುಖ ಗಂಟು ಹಾಕಿಕೊಂಡೇ ಹೋದರು. ಬಿಚ್ಚಿ ನೋಡಿದರೆ ಬೆಸುಗೆಯೊಂದು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹುಡುಕಲು ಇಪ್ಪತ್ತೈದು ನಿಮಿಷ, ಮತ್ತೆ ಬೆಸೆಯಲು ಎರಡು.

ಸಂಜೆ ಮೇಷ್ಟ್ರು ಬಂದು, ಏನು ಹಾಕಿದೆ ಎಂದು ಕೇಳಿದರು. ‘ಏನೂ ಬೇಡ’ ನಾಲಿಗೆಯ ತುದಿಯಲ್ಲೇ ಇತ್ತು. ಅತ್ತಿಗೆ ಗಡಿಯಾರವನ್ನು ಸುಮ್ಮನೆ ನನ್ನ ಕಡೆ ತಿರುಗಿಸಿದರು.

“ಏನೂ ಹಾಕಿಲ್ಲ ಮೇಷ್ಟ್ರೇ. ಹುಡುಕಿದೆ. ಇನ್ನೂರು. ನೂರು ಕೊಟ್ಟಿದ್ದೀರಿ, ಇನ್ನು ನೂರು.”

ಅವರು ಮೂರೂ ಮನೆ ಒತ್ತಿ ಕೇಳಿದರು. ಮತ್ತೊಮ್ಮೆ ಒತ್ತಿದರು.

“ಇನ್ನೊಂದು ಅಂಗಡೀಲಿ ಒಳಗಿನ ಸರ್ಕ್ಯೂಟ್ ಬೋರ್ಡೇ ಹೋಗಿದೆ, ಮೂರು ಸಾವಿರ ಅಂದಿದ್ರು” ಎಂದು ನೂರರ ನೋಟು ಇಟ್ಟರು. “ನಾನೂ ಪಾಠ ಹೇಳಿ ದುಡ್ಡು ತಗೊಳ್ತೀನಪ್ಪ. ಮಕ್ಕಳ ಕೈಗೆ ಏನು ಕೊಟ್ಟು ಕಳಿಸ್ತೀನಿ?”

ಅತ್ತಿಗೆಯ ಮೇಲೆ ನನಗೆ ಅಂದು ಹುಟ್ಟಿದ ಗೌರವ ಇಂದಿಗೂ ಇಳಿದಿಲ್ಲ. ಮೇಷ್ಟ್ರು ಹೋದ ಮೇಲೆ ಬೋರ್ಡಿನ ದಾರ ಕತ್ತರಿಸಿದೆ. ಮತ್ತೆಂದೂ ತಿರುಗಿಸಲು ಬರದಂತೆ ನಾಲ್ಕು ಸ್ಕ್ರೂ ಹಾಕಿ ಗೋಡೆಗೆ ಬಿಗಿದೆ.