ಕೊನೆಯ ಹೋಳಿನ ಅಳತೆ

ಉಪಮುಖ್ಯೋಪಾಧ್ಯಾಯರಿಗೆ ಶಿಕ್ಷಕರ ಕೊಠಡಿಯಲ್ಲಿ ಬಿದ್ದಿದ್ದ ಹೆಸರು ಬಣ್ಣದ ಮೇಷ್ಟ್ರು. ಅವರು ಪಾಠ ಮಾಡುವುದನ್ನು ಕಂಡವರು ಕಡಿಮೆ, ಚಾರ್ಟಿಗೆ ಬಣ್ಣ ತುಂಬುವುದನ್ನು ಕಾಣದವರಿಲ್ಲ. ಹಾಜರಾತಿಗೊಂದು ಚಾರ್ಟು, ಫಲಿತಾಂಶಕ್ಕೊಂದು ಚಾರ್ಟು, ಕೊನೆಗೆ ನೀರಿನ ನಲ್ಲಿಗಳ ಸ್ಥಿತಿಗತಿಗೂ ಒಂದು ಚಾರ್ಟು. ನಲ್ಲಿ ಮಾತ್ರ ಇವತ್ತಿಗೂ ಸೋರುತ್ತಿತ್ತು.

ಈ ಸಲ ಅವರು ಬರೆದದ್ದು ಕೊಠಡಿಗಳ ಚಾರ್ಟು. ಮುಖ್ಯೋಪಾಧ್ಯಾಯಿನಿಗೆ, ಅಂದರೆ ದೊಡ್ಡ ಮೇಡಮ್ಮಿಗೆ, ಬಂದ ಅತಿಥಿಗಳನ್ನು ಕೂರಿಸಲು ಸೋಫಾ ಹಾಕಿದ ಒಂದು ಕೊಠಡಿ ಬೇಕಾಗಿತ್ತು. ಅತಿಥಿಗಳು ಬರುತ್ತಿದ್ದದ್ದು ವರ್ಷಕ್ಕೊಮ್ಮೆ. ಆದರೂ ಬೇಕು ಎಂದರೆ ಬೇಕು. ಕೆಳಗಿನ ಮಹಡಿಯಲ್ಲಿ ಕಂಪ್ಯೂಟರ್, ಆಟ, ಸಂಗೀತ, ಗ್ರಂಥಾಲಯ ಎಂದು ನಾಲ್ಕು ಕೊಠಡಿಗಳಿದ್ದವು. ಯಾವುದು ಬೇಕು ಎಂದು ಮಕ್ಕಳನ್ನೇ ಕೇಳುವುದು, ಯಾವುದಕ್ಕೆ ಬೆಂಬಲ ಕಡಿಮೆಯೋ ಅದನ್ನು ಖಾಲಿ ಮಾಡಿಸುವುದು ಎಂದು ತೀರ್ಮಾನವಾಯಿತು. ಪಾಪ ಮಕ್ಕಳ ತಲೆಗೇ ಕಟ್ಟಿದರೆ ಯಾರೂ ಬೈಯುವಂತಿಲ್ಲವಲ್ಲ.

ಲೆಕ್ಕದ ಟೀಚರ್ ಸಭೆಗೆ ಬಂದಾಗ ಚಾರ್ಟು ಆಗಲೇ ಗೋಡೆಯ ಮೇಲಿತ್ತು. ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು ಅವರೇ. ಸಂಬಳವಿಲ್ಲದ ಕೆಲಸ, ಹರಿದ ಪುಸ್ತಕಗಳಿಗೆ ಅಂಟು ಹಚ್ಚಿ, ಮನೆಯ ಚಾಪೆ ತಂದು ಹಾಸಿ, ಊಟದ ಬಿಡುವಿನಲ್ಲಿ ಮಕ್ಕಳು ಕೂತು ಓದುವ ಹಾಗೆ ಮಾಡಿದ್ದರು. ಈಗ ಚಾರ್ಟಿನ ವೃತ್ತದಲ್ಲಿ ಗ್ರಂಥಾಲಯದ ಹಳದಿ ಹೋಳು, ಯಾರೋ ತಿಂದು ಬಿಟ್ಟ ಹಾಗೆ, ಸಣ್ಣಗೆ ಒಂದು ಬದಿಯಲ್ಲಿತ್ತು.

"ನೋಡಿ, ಮಕ್ಕಳೇ ಹೇಳಿಬಿಟ್ಟಿದ್ದಾರೆ. ಗ್ರಂಥಾಲಯ ಖಾಲಿ ಮಾಡೋಣ. ಪುಸ್ತಕ ಎಲ್ಲ ಮೆಟ್ಟಿಲ ಕೆಳಗೆ ಇಡಿಸಿ" ಎಂದರು ದೊಡ್ಡ ಮೇಡಂ.

ಟೀಚರ್ ಹತ್ತಿರ ಹೋಗಿ, ಚಾರ್ಟಿನ ಕೆಳಗೆ ಮುದ್ದಾದ ಅಕ್ಷರದಲ್ಲಿದ್ದದ್ದನ್ನು ಓದಿದರು. ಕಂಪ್ಯೂಟರ್ ಶೇಕಡಾ 40, ಆಟ 30, ಸಂಗೀತ 20, ಗ್ರಂಥಾಲಯ 30. ಮುಚ್ಚಿಟ್ಟದ್ದೇನಲ್ಲ, ಕಣ್ಣೆದುರಿಗೇ ಇತ್ತು. ಸಭೆಯಲ್ಲಿ ಪದವಿಗಳಿಗೇನೂ ಬರವಿರಲಿಲ್ಲ. ನಾಲ್ಕು ಅಂಕಿ ಕೂಡಿಸುವವರು ಮಾತ್ರ ಇರಲಿಲ್ಲ. ತನ್ನ ಕೊಠಡಿಯ ಬಣ್ಣ ದೊಡ್ಡದಾಗಿದೆಯೇ ಎಂದು ನೋಡಿ ಪ್ರತಿಯೊಬ್ಬರೂ ಹಾಯಾಗಿ ಕೂತಿದ್ದರು. ಟೀಚರಿಗೆ ಅವರನ್ನು ಕಂಡು ಹೇಸಿಗೆಯಾಯಿತು.

"ಸರ್, ಇದನ್ನ ಹೇಗೆ ಬರೆದ್ರಿ?"

"ಎಲ್ಲರೂ ಬರೆಯೋ ಹಾಗೇ" ಎಂದರು ಬಣ್ಣದ ಮೇಷ್ಟ್ರು. "ಶೇಕಡಾ ಒಂದಕ್ಕೆ ಮೂರು ಪಾಯಿಂಟ್ ಆರು ಡಿಗ್ರಿ. ನಲವತ್ತಕ್ಕೆ ನೂರ ನಲವತ್ತನಾಲ್ಕು, ಮೂವತ್ತಕ್ಕೆ ನೂರ ಎಂಟು, ಇಪ್ಪತ್ತಕ್ಕೆ ಎಪ್ಪತ್ತೆರಡು. ಮೂರು ಹೋಳು ಎಳೆದ ಮೇಲೆ ಕೊನೇದನ್ನ ಅಳೆಯೋದು ಯಾಕೆ? ಅದು ತಾನಾಗೇ ಬರುತ್ತೆ."

"ತಾನಾಗೇ ಬಂದದ್ದನ್ನ ಒಂದು ಸಲ ಅಳೆದು ನೋಡಿದ್ರಾ?"

"ವೃತ್ತ ತುಂಬಿದೆಯಲ್ಲ ಟೀಚರ್! ಎಲ್ಲಾದ್ರೂ ಖಾಲಿ ಕಾಣ್ತಿದೆಯಾ?"

ಒಂದಿಬ್ಬರು ನಕ್ಕರು. ಮೂಲೆಯಲ್ಲಿದ್ದ ಸಂಗೀತದ ಮೇಷ್ಟ್ರು ನಗಲಿಲ್ಲ. ಸ್ವಂತ ಹಾರ್ಮೋನಿಯಂ ಹೊತ್ತು ತಂದು ಪಾಠ ಹೇಳುವ ಮುದುಕ. ಟೀಚರ್ ಜೊತೆ ಚಾಪೆ ಹಾಸಿದ್ದವರೂ ಅವರೇ. ಅವರು ಎದ್ದು ಹೋಗಿ ಪಕ್ಕದ ತರಗತಿಯಿಂದ ಕರಿಹಲಗೆಯ ದೊಡ್ಡ ಕೋನಮಾಪಕ ತಂದುಕೊಟ್ಟರು. "ಬಿಡಬೇಡಮ್ಮ" ಎಂದು ಮೆಲ್ಲಗೆ ಹೇಳಿದರು.

ಟೀಚರ್ ಹಳದಿ ಹೋಳಿನ ಮೇಲೆ ಕೋನಮಾಪಕ ಇಟ್ಟರು. "ಮೂವತ್ತಾರು ಡಿಗ್ರಿ. ಅಂದ್ರೆ ಶೇಕಡಾ ಹತ್ತು. ಕೆಳಗೆ ಮೂವತ್ತು ಅಂತ ನೀವೇ ಬರೆದಿದ್ದೀರಿ. ಮೂವತ್ತಕ್ಕೆ ನೂರ ಎಂಟು ಬರಬೇಕಿತ್ತು. ಉಳಿದದ್ದಕ್ಕೆಲ್ಲ ಬಣ್ಣ ಬಳಿದ್ರೆ ವೃತ್ತ ಯಾವತ್ತೂ ತುಂಬುತ್ತೆ, ಸರ್. ಅದಕ್ಕೆ ಲೆಕ್ಕ ಬೇಡ, ಪೊರಕೆ ಕಡ್ಡಿ ಅದ್ದಿ ಬಳಿದ್ರೂ ಆಗುತ್ತೆ. ನಾಲ್ಕೂ ಕೋನ ಕೂಡಿಸಿ ನೋಡಿ, ನಾನೂರ ಮೂವತ್ತೆರಡು. ವೃತ್ತದಲ್ಲಿ ಇರೋದು ಮುನ್ನೂರ ಅರವತ್ತೇ. ಹೆಚ್ಚಾದ ಎಪ್ಪತ್ತೆರಡನ್ನೂ ನನ್ನ ಪುಸ್ತಕಗಳ ಪಾಲಿನಿಂದಲೇ ಕತ್ತರಿಸಿದ್ದೀರಿ."

ಬಣ್ಣದ ಮೇಷ್ಟ್ರ ಮುಖದ ಬಣ್ಣ ಇಳಿಯಿತು. "ಶೇಕಡಾ ಕೂಡಿಸಿದ್ರೆ ನೂರ ಇಪ್ಪತ್ತು ಬರುತ್ತಲ್ಲ, ಹೇಗೆ? ನಾನಂತೂ ಸರಿಯಾಗೇ ಎಣಿಸಿದ್ದೆ."

"ಎಣಿಕೆ ಸರಿ ಇದೆ. ಒಂದು ಅಥವಾ ಎರಡು ಕೊಠಡಿಗೆ ಗುರುತು ಹಾಕಿ ಅಂತ ಮಕ್ಕಳಿಗೆ ಹೇಳಿದ್ದು ನೀವೇ ತಾನೆ? ಐದರಲ್ಲಿ ಒಂದು ಮಗು ಎರಡು ಹಾಕಿದೆ. ನೂರು ಮಕ್ಕಳಿಗೆ ನೂರ ಇಪ್ಪತ್ತು ಗುರುತು. ಅದನ್ನ ಹಾಗೇ ವೃತ್ತಕ್ಕೆ ತುರುಕೋಕೆ ಆಗಲ್ಲ. ಕೊಠಡಿಗೊಂದು ಕಂಬ ಎಳೆದು ಬಾರ್ ಚಾರ್ಟ್ ಬರೀಬೇಕಿತ್ತು."

"ಅದೆಲ್ಲ ಬೇಡ, ಆಡಳಿತ ಮಂಡಳಿಯವರಿಗೆ ವೃತ್ತಾನೇ ಇಷ್ಟ" ಎಂದರು ದೊಡ್ಡ ಮೇಡಂ. ಅವರ ಲೆಕ್ಕಾಚಾರವೆಲ್ಲ ಸೋಫಾದ ಬಣ್ಣದ ಬಗ್ಗೆ. "ನಿಮಗೆ ಅಷ್ಟು ಗೊತ್ತಿದ್ರೆ ನೀವೇ ಬರೀರಿ. ಇಲ್ಲೇ, ಈಗಲೇ. ಯಾವುದು ಚಿಕ್ಕದೋ ಅದು ಹೋಗುತ್ತೆ. ಇನ್ನು ನನ್ನ ಹತ್ತಿರ ತಕರಾರು ತರಬೇಡಿ."

"ಬರೀತೀನಿ" ಎಂದರು ಟೀಚರ್. ಗೆದ್ದೆ ಎಂಬ ಉಬ್ಬಿನಲ್ಲಿ ಅವರ ಕಿವಿ ಬಿಸಿಯಾಗಿತ್ತು. ಈ ಮಂದಿಗೆ ಮಗ್ಗಿ ಕಲಿಸಲೇಬೇಕು ಎಂದು ಹಟ ಬಂದಿತ್ತು. ಹೊಸ ಹಾಳೆ ಹಾಸಿದರು. ಹಾಳೆ ಸುರುಳಿಯಾಗದ ಹಾಗೆ ಸಂಗೀತದ ಮೇಷ್ಟ್ರು ಎರಡೂ ಅಂಚು ಒತ್ತಿ ಹಿಡಿದರು. ಟೀಚರ್ ಕೈವಾರದಿಂದ ವೃತ್ತ ಎಳೆದರು.

"ಒಟ್ಟು ನೂರ ಇಪ್ಪತ್ತು ಪಾಲು. ಮುನ್ನೂರ ಅರವತ್ತನ್ನ ಹಂಚಿದ್ರೆ ಪಾಲಿಗೆ ಮೂರು ಡಿಗ್ರಿ" ಎಂದು ತರಗತಿಗೆ ಹೇಳುವಂತೆ ಗಟ್ಟಿಯಾಗಿ ಹೇಳುತ್ತಾ ಹೋದರು. "ಕಂಪ್ಯೂಟರ್, ನೂರ ಇಪ್ಪತ್ತು." ಗೆರೆ ಎಳೆದರು. "ಆಟ, ತೊಂಬತ್ತು." ಇನ್ನೊಂದು ಗೆರೆ. "ಗ್ರಂಥಾಲಯ, ಅದೂ ತೊಂಬತ್ತು." ಈ ಗೆರೆಯನ್ನು ಸ್ವಲ್ಪ ಒತ್ತಿಯೇ ಎಳೆದರು. ಬಣ್ಣದ ಮೇಷ್ಟ್ರ ಕಡೆ ಒಂದು ನೋಟ ಬಿಸಾಕಿ, ಮತ್ತೆ ಹಾಳೆ ನೋಡಿದರು.

ಉಳಿದದ್ದು ಒಂದು ಸಣ್ಣ ಹೋಳು. ಅದರ ಅಂಚಿನಲ್ಲಿ ಸಂಗೀತದ ಮೇಷ್ಟ್ರ ಹೆಬ್ಬೆರಳಿತ್ತು.

ಟೀಚರ್ ಪೆನ್ಸಿಲ್ ಹಿಡಿದೇ ನಿಂತರು. ಇಪ್ಪತ್ತು ಎಂಬುದು ಕೆಳಗಿನ ಸಾಲಿನಲ್ಲಿ ಮೊದಲಿನಿಂದಲೂ ಇತ್ತು. ಅವರು ಅದನ್ನು ಓದಿದ್ದರು, ಕೂಡಿಸಿದ್ದರು, ಆದರೆ ನೋಡಿರಲಿಲ್ಲ. ಕಣ್ಣು ತಮ್ಮ ಮೂವತ್ತಕ್ಕೇ ಅಂಟಿಕೊಂಡಿತ್ತು. ಇಷ್ಟು ಹೊತ್ತು ಯಾರನ್ನು ಕಂಡು ಹೇಸಿದ್ದರೋ ಅವರದೇ ಸಾಲಿನಲ್ಲಿ ತಾವೂ ಕೂತಿದ್ದರು.

"ಹಾಗಾದ್ರೆ ಸಂಗೀತ" ಎಂದು ದೊಡ್ಡ ಮೇಡಂ ಕನ್ನಡಕ ತೆಗೆದರು. "ಆಯ್ತು, ಹಾರ್ಮೋನಿಯಂ ಮೆಟ್ಟಿಲ ಕೆಳಗೆ ಇಡಿಸಿ." ಸೋಫಾಕ್ಕೆ ಯಾವ ಕೊಠಡಿಯಾದರೇನು, ಅವರಿಗೆ ಎರಡೂ ಒಂದೇ. ಬಣ್ಣದ ಮೇಷ್ಟ್ರು ಉಸಿರು ಬಿಟ್ಟು, ನೀಲಿ ಬಣ್ಣದ ಪೆನ್ನಿನ ಮುಚ್ಚಳ ತೆಗೆದರು.

"ಮೇಡಂ, ಹೀಗೆ ಚಾರ್ಟ್ ನೋಡಿ ಕೊಠಡಿ ಕಿತ್ತುಕೊಳ್ಳೋದೇ ತಪ್ಪು" ಎಂದರು ಟೀಚರ್.

"ಅಯ್ಯೋ, ಈಗ ತಾನೆ ಅಷ್ಟು ಚೆನ್ನಾಗಿ ಲೆಕ್ಕ ಹೇಳಿದ್ರಲ್ಲ! ನಿಮ್ಮ ಪುಸ್ತಕ ಉಳೀತು. ಇನ್ನೇನು ಬೇಕು?"

ಸಂಗೀತದ ಮೇಷ್ಟ್ರು ಹಾಳೆಯಿಂದ ಒಂದು ಕೈ ತೆಗೆದು, ಟೀಚರ್ ಕೈಯಲ್ಲಿದ್ದ ಕೋನಮಾಪಕವನ್ನು ಮೆಲ್ಲಗೆ ತೆಗೆದುಕೊಂಡರು. ಬಗ್ಗಿ, ಅದರ ನಡುವಿನ ಗುರುತನ್ನು ವೃತ್ತದ ಮಧ್ಯಕ್ಕೆ ಕೂರಿಸಿ, ಕಣ್ಣು ಕಿರಿದು ಮಾಡಿ ಓದಿದರು.

"ಅರವತ್ತು" ಎಂದರು. ಬೆರಳು ಮಡಿಸುತ್ತಾ ನಾಲ್ಕನ್ನೂ ಕೂಡಿಸಿದರು. "ಮುನ್ನೂರ ಅರವತ್ತು. ಸರಿಯಾಗಿದೆಯಮ್ಮ, ತಪ್ಪಿಲ್ಲ."

ಅಷ್ಟು ಮಂದಿ ಕಲಿತವರಿದ್ದ ಆ ಶಾಲೆಯಲ್ಲಿ, ಕೊಠಡಿ ಉಳಿಸಿಕೊಳ್ಳುವ ಆಸೆಯಿಲ್ಲದೆ ಕೊನೆಯ ಹೋಳನ್ನು ಅಳೆದು ನೋಡಿದವರು ಅವರೊಬ್ಬರೇ. ಆ ಹೋಳು ಅವರದೇ ಆಗಿತ್ತು.