ತಾಳೆ ನೋಡು

ನನ್ನ ಹೆಂಡತಿ ಸೀತಾಲಕ್ಷ್ಮಿ ಯಾರ ಲೆಕ್ಕವನ್ನೂ ತಿದ್ದುವುದಿಲ್ಲ. "ಉತ್ತರದಿಂದ ಪ್ರಶ್ನೆಗೆ ವಾಪಸ್ ಬಂದ್ರೆ ತಪ್ಪು ತಾನಾಗೇ ಸಿಗುತ್ತೆ, ನಾನ್ಯಾಕೆ ತಿದ್ಲಿ?" ಅಂತಾಳೆ. ಆ ಹಮ್ಮಿನ ಜೊತೆ ಸಂಸಾರ ಮಾಡುವ ಕಷ್ಟ ನನಗೆ ಮಾತ್ರ ಗೊತ್ತು.

ಹಲಸೂರಿನ ನಮ್ಮ ಮನೆಗೆ ಶಿವಾಜಿನಗರದಿಂದ ಏಳನೇ ಕ್ಲಾಸಿನ ಲುಬ್ನಾ ಟ್ಯೂಷನ್ನಿಗೆ ಬರುತ್ತಿದ್ದಳು. ಅನುಪಾತದ ಲೆಕ್ಕ ಮುಗಿದ ಕೂಡಲೇ ಒಳಗಿನಿಂದ ಇವಳ ದನಿ: "ತಾಳೆ ನೋಡು." ಲುಬ್ನಾ ಹೊರಗೆ ಬಂದು, ಗೇಟಿನ ಬೀಗ ಒಮ್ಮೆ, ಪಕ್ಕದ ಸ್ಟೋರ್ ರೂಮಿನ ಬೀಗ ಒಮ್ಮೆ ಎಳೆದು ಒಳಗೆ ಹೋಗಿ, "ಸರಿ ಇದೆ ಆಂಟಿ" ಅನ್ನುವಳು. ಇವಳು ಮುಂದಿನ ಲೆಕ್ಕ ಕೊಡುವಳು. ಗೇಟಿನ ಪಕ್ಕ ಪೇಪರ್ ಓದುತ್ತಾ ಕೂತ ನಾನು, ಜವಾಬ್ದಾರಿಯ ಹುಡುಗಿ ಅಂದುಕೊಂಡೆ.

ಟೆಸ್ಟ್ ಮುಗಿದ ಮೇಲೆ ಅವಳ ತಾಯಿ ಶಿರೀನ್ ಉತ್ತರಪತ್ರಿಕೆ ಹಿಡಿದು ಮಗಳ ಜೊತೆ ಬಂದರು. ತಾಯಿ ಮಗಳ ವಯಸ್ಸಿನ ಅನುಪಾತ 7:2, ಮೊತ್ತ 54 ಅಂತ ಪ್ರಶ್ನೆ. ಲುಬ್ನಾ ತಾಯಿಗೆ 12, ಮಗಳಿಗೆ 42 ಬರೆದಿದ್ದಳು.

"ನನ್ನ ವಯಸ್ಸು ಕಮ್ಮಿ ಮಾಡಿದ್ದು ಸಂತೋಷಾನೇ," ಅಂದರು ಶಿರೀನ್. "ಆದ್ರೆ ಹೀಗೇ ಆದ್ರೆ ಕಮ್ಮನಹಳ್ಳಿ ಕೋಚಿಂಗ್‌ಗೆ ಹಾಕ್ತೀನಿ, ಬೇಜಾರ್ ಮಾಡ್ಕೋಬೇಡಿ."

ಸೀತಾಲಕ್ಷ್ಮಿಯ ಮುಖ ಇಳಿಯಿತು. ಇರುವ ಒಬ್ಬಳೇ ಶಿಷ್ಯೆಯೂ ಹೋದರೆ ಇಡೀ ಸಂಜೆ ಪಾಠ ಹೇಳಿಸಿಕೊಳ್ಳಲು ಉಳಿಯುವವನು ನಾನೊಬ್ಬನೇ. ನನಗೂ ಭಯವಾಯಿತು.

"ಪರೀಕ್ಷೇಲಿ ತಾಳೆ ನೋಡ್ಲಿಲ್ವಾ?" ಅಂತ ಲುಬ್ನಾಳನ್ನು ಕೇಳಿದಳು.

"ಅಲ್ಲಿ ಬಾಗಿಲಿಗೆ ತಾಲೆ ಇರ್ಲಿಲ್ಲ ಆಂಟಿ."

ಶಿರೀನ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು. "ನಮ್ಮನೇಲಿ ತಾಲೆ ಅಂದ್ರೆ ಬೀಗ ಕಣ್ರೀ. ಇವಳ ಅಬ್ಬಾ ಅಂಗಡಿ ಮುಚ್ಚಿ ದಿನಾ ಇವಳಿಗೆ ತಾಲೆ ನೋಡು ಅಂತಾರೆ."

ಸೀತಾಲಕ್ಷ್ಮಿ ಮೊದಲ ಸಲ ಪೆನ್ಸಿಲ್ ಕೈಗೆ ತೆಗೆದುಕೊಂಡಳು. "ತಾಳೆ ಅಂದ್ರೆ ಉತ್ತರಾನ ಪ್ರಶ್ನೆ ಒಳಗೆ ವಾಪಸ್ ಹಾಕಿ ನೋಡೋದು. ಹನ್ನೆರಡು, ನಲವತ್ತೆರಡು ಕೂಡಿಸು."

"ಐವತ್ನಾಲ್ಕು. ಸರಿ ಇದೆ."

"ಅರ್ಧ ಸರಿ. ಅನುಪಾತಾನೂ ನೋಡು. ಎರಡನ್ನೂ ಆರರಿಂದ ಭಾಗಿಸು."

"ಎರಡು, ಏಳು." ಲುಬ್ನಾ ಪ್ರಶ್ನೆ ನೋಡಿದಳು. "ಅಯ್ಯೋ, ತಾಯಿಗೆ ಏಳು ಭಾಗ ಇರ್ಬೇಕು. ಉಲ್ಟಾ ಆಗಿದೆ." ತಾನೇ ಅದಲುಬದಲು ಮಾಡಿ ಮತ್ತೆ ಕೂಡಿಸಿ, ಭಾಗಿಸಿ, 42:12 ಅಂದರೆ 7:2 ಅಂತ ಬರೆದಳು. "ಈಗ ಎರಡೂ ಸರಿ."

"ಕಮ್ಮನಹಳ್ಳಿ ಬೇಡ ಬಿಡಿ," ಅಂದರು ಶಿರೀನ್.

ಅವರು ಹೋದ ಮೇಲೆ ಇವಳು ನನ್ನ ಕಡೆ ತಿರುಗಿದಳು. "ದಿನಾ ಇಲ್ಲೇ ಕೂತಿರ್ತೀರಲ್ಲ. ಮಗು ಬೀಗ ಎಳೀತಿದೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ತಪ್ಪು ತಾನಾಗೇ ಸಿಗುತ್ತೆ, ನಾನ್ಯಾಕೆ ತಿದ್ಲಿ ಅಂತ ನೀನೇ ಹೇಳ್ತಿದ್ಯಲ್ಲ," ಅಂದೆ.

ಈಗ ಲುಬ್ನಾ ಲೆಕ್ಕ ಮುಗಿಸಿ ಅಲ್ಲೇ ಕೂತು ತಾಳೆ ನೋಡುತ್ತಾಳೆ. ಬೀಗ ಎಳೆದು ಬಂದು "ಸರಿ ಇದೆ" ಅನ್ನುವ ಕೆಲಸ ನನ್ನ ಪಾಲಿಗೆ ಬಂದಿದೆ.