ಇಪ್ಪತ್ಮೂರನೆಯ ಚಿತ್ರ

ಶಂಭುಲಿಂಗನಿಗೆ ಲಕ್ವಾ ಹೊಡೆದು ಎರಡು ತಿಂಗಳಾಗಿತ್ತು. ಅಕ್ಕಿಆಲೂರಿನ ಗಿರಣಿಯಲ್ಲಿ ಮೂವತ್ತು ವರ್ಷ ಯಂತ್ರ ನಡೆಸಿದವನು. ಸದ್ದು ಕೇಳಿಯೇ ಯಾವ ಬೆಲ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದವನು. ಈಗ ಬಲಗೈ ಏಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ಕೇಳಿದ್ದು ಮಾತ್ರ ತಿಳಿಯುತ್ತಿತ್ತು. ಹುಬ್ಬಳ್ಳಿಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಶೀಲಾ ಮೇಡಂ, "ಹೇಳಬೇಕನ್ನೋ ಹಂಬಲ ಸಾಯಬಾರದು ನೋಡ್ರಿ. ಅದು ಹೋದ್ರ ನಮ್ಮ ಕೈಯಾಗ ಏನೂ ಉಳಿಯೂದಿಲ್ಲ" ಎಂದು ಮಗಳು ಅಂಕಿತಾಳಿಗೆ ಎಚ್ಚರಿಸಿದ್ದರು.

ಅಂಕಿತಾ ಹಾನಗಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಚಿತ್ರ ಮುಟ್ಟಿದರೆ ಅದರ ಹೆಸರು ಕೇಳಿಸುವಂಥ ಪುಟವೊಂದನ್ನು ಅವಳು ಮೊಬೈಲಿಗೆ ಮಾಡಿದಳು. ಮನೆಯ ಸಾಮಾನಿನ ಫೋಟೊ ತೆಗೆದರೆ ಅದರ ಹಿಂದೆ ಇದ್ದುದೆಲ್ಲ ಕಂಡು ಅಪ್ಪ ಗಲಿಬಿಲಿಗೊಳ್ಳುತ್ತಿದ್ದ. ಅದಕ್ಕೆ ಫೋಟೊ ಬಿಟ್ಟು, ಸಾಲಿಗೊಂದು ಚಿತ್ರದಂತೆ ನೂರಿಪ್ಪತ್ತು ಸಾಲಿನ ಪಟ್ಟಿ ಬರೆದಳು: ಬಿಳಿ ಹಿನ್ನೆಲೆ, ಒಂದೇ ವಸ್ತು, ದಪ್ಪ ಗೆರೆ. ಅದೇ ಕ್ರಮದಲ್ಲಿ ನೂರಿಪ್ಪತ್ತು ಹೆಸರುಗಳನ್ನು ತನ್ನ ದನಿಯಲ್ಲಿ ಹೇಳಿ, ಒಂದೊಂದಕ್ಕೂ ಸಾಲಿನ ಸಂಖ್ಯೆ ಕೊಟ್ಟು ಇಟ್ಟಳು.

ಕಳಿಸಿದ ಸಾಲು ಓದಿ ತಾನೇ ಚಿತ್ರ ಬರೆದುಕೊಡುವ ಇಂಟರ್‌ನೆಟ್ ಸೇವೆ ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಕೇಳಿದರೆ ಒಪ್ಪುತ್ತಿರಲಿಲ್ಲ. ಆದ್ದರಿಂದ ಒಂದು ಸಾಲು ಕಳಿಸಿ ಹದಿಮೂರು ಸೆಕೆಂಡು ಸುಮ್ಮನಿರುವಂತೆ ಪ್ರೋಗ್ರಾಂ ಬರೆದಳು. ಆದರೂ ಒಪ್ಪದಿದ್ದರೆ ಇಪ್ಪತ್ತು ಸೆಕೆಂಡು, ಆಮೇಲೆ ನಲವತ್ತು, ಹೀಗೆ ಕಾಯುವುದನ್ನು ಇಮ್ಮಡಿಸುತ್ತ ಐದು ಸಲ ಕೇಳಬೇಕು. ಐದಕ್ಕೂ ಆಗದಿದ್ದರೆ ಆ ಸಾಲು ಬಿಟ್ಟು ಮುಂದೆ ಹೋಗಬೇಕು. ಬಂದ ಚಿತ್ರಗಳಿಗೆ 001, 002 ಎಂದು ಹೆಸರು; ಮುಟ್ಟಿದರೆ ಅದೇ ಸಂಖ್ಯೆಯ ದನಿ ಕೇಳಬೇಕು. ಓಡಲು ಬಿಟ್ಟು ಅಪ್ಪನಿಗೆ ಗಂಜಿ ಕುಡಿಸಲು ಹೋದಳು. ಬಂದಾಗ ಎಲ್ಲ ಮುಗಿದಿತ್ತು. ಮೊದಲ ಹತ್ತು ಚಿತ್ರ ಮುಟ್ಟಿ ನೋಡಿದಳು, ದನಿ ಸರಿಯಾಗಿತ್ತು.

ಮೂರು ವಾರ ಅವಳಿಗೆ ಪರೀಕ್ಷೆಯ ಕೆಲಸ, ಭಾನುವಾರವೂ ಬಿಡುವಿಲ್ಲ. ಬೆಳಗಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದಳು.

"ಹೆಂಗ ನಡದತಿ ಅವ್ವ?" ಮೊದಲ ವಾರ ಒಂದು ರಾತ್ರಿ ಕೇಳಿದಳು.

"ಏನ್ ನಡೀತತಿ. ಒಳಗ ರೊಟ್ಟಿ ಬಡಿಯಾಕತ್ತಿರ್ತೇನಿ, ಹೊರಗ ನಿನ್ನ ದನಿ ಚಾದರ, ಚಾದರ ಅಂತತಿ. ಈ ಬಿಸಲಾಗ ಮೂರು ಚಾದರ ಹೊಚ್ಚೇನಿ. ಕಿತ್ತ ಒಗೀತಾನು." ಸರೋಜವ್ವ ನಕ್ಕಳು. "ನೀರು ಅಂತು ಅಂತ ತಂಬಿಗಿ ಒಯ್ದ್ರ, ತುಟಿ ಬಿಗಿ ಹಿಡಿದು ಹಾಸಿಗ್ಯಾಗ ಉಚ್ಚಿ ಹೊಯ್ಕೊಂಡ. ಗಿರಣ್ಯಾಗಿನ ಸಿಟ್ಟು ಇನ್ನೂ ಹೋಗಿಲ್ಲ ನಿಮ್ಮಪ್ಪಗ."

ಎರಡನೆಯ ವಾರ ಸರೋಜವ್ವ ನಗಲಿಲ್ಲ. "ಈಗ ಮುಟ್ಟೂದ ಬಿಟ್ಟಾನವ್ವ," ಎಂದಳು.

ಬಿಡುವಾದ ಮೊದಲ ಭಾನುವಾರ ಅಂಕಿತಾ ಅಪ್ಪನ ಪಕ್ಕ ಕುಳಿತು, ಅವನಿಗೆ ಆಸೆ ಹುಟ್ಟಲೆಂದು ತಾನೇ ನೀರಿನ ಚಿತ್ರ ಮುಟ್ಟಿದಳು.

"ಚಾದರ," ಎಂದಿತು ಅವಳದೇ ದನಿ.

ಬಚ್ಚಲಿನ ಚಿತ್ರ ಮುಟ್ಟಿದಳು. "ನೀರು."

ಅವಳು ಲ್ಯಾಪ್‌ಟಾಪ್ ತೆರೆದಳು. ನೂರಾ ಹತ್ತೊಂಬತ್ತೇ ಚಿತ್ರಗಳಿದ್ದವು. ಇಪ್ಪತ್ತೆರಡನೆಯ ಸಾಲು, ಚಾದರ, ಐದು ಸಲವೂ ಸಿಕ್ಕಿರಲಿಲ್ಲ. ಚಿತ್ರ ಉಳಿಸಿದಾಗ ಮಾತ್ರ ಎಣಿಕೆ ಏರುವಂತೆ ಅವಳು ಬರೆದಿದ್ದಳು. ಹಾಗಾಗಿ ಇಪ್ಪತ್ಮೂರನೆಯ ನೀರು 022 ಆಗಿ ಕೂತಿತ್ತು. ಅಲ್ಲಿಂದ ಮುಂದಿನದೆಲ್ಲ ಒಂದೊಂದು ಮನೆ ಹಿಂದೆ ಸರಿದಿತ್ತು. ಚಿತ್ರಗಳ ಸಂಖ್ಯೆಯಲ್ಲಿ ಎಲ್ಲೂ ತೆರಪಿಲ್ಲ, ಸಾಲು ನೋಡಿದರೆ ಚೊಕ್ಕ.

ತಿದ್ದಲು ಕಾಲು ತಾಸೂ ಹಿಡಿಯಲಿಲ್ಲ. ಚಿತ್ರದ ಸಂಖ್ಯೆಯನ್ನು ಪಟ್ಟಿಯ ಸಾಲಿನಿಂದಲೇ ತೆಗೆದುಕೊಳ್ಳುವಂತೆ ಮಾಡಿ, 119ರಿಂದ ಹಿಂದಕ್ಕೆ ಬರುತ್ತ ಹಳೆಯ ಚಿತ್ರಗಳನ್ನು ಒಂದೊಂದು ಮನೆ ಮುಂದಕ್ಕೆ ಸರಿಸಿದಳು. ಇದ್ದುದನ್ನು ಬಿಟ್ಟು ಇಲ್ಲದ್ದನ್ನಷ್ಟೇ ಕೇಳಿದಳು. ಚಾದರ ಈ ಸಲ ಒಂದೇ ಮಾತಿಗೆ ಬಂತು. ನೂರಿಪ್ಪತ್ತನ್ನೂ ಮುಟ್ಟಿ ಕೇಳಿದಳು.

"ಅಪ್ಪಾ, ನೀ ಸರಿನ ಮುಟ್ಟಿದ್ದಿ. ತಪ್ಪು ನಂದು. ನೋಡಿಲ್ಲೆ." ನೀರು ಮುಟ್ಟಿದಳು. "ನೀರು," ಎಂದಿತು.

ಅಪ್ಪ ಅವಳನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ನೀರು ಮುಟ್ಟಿದಾಗ ಮಗಳ ದನಿಯೇ ಚಾದರ ಅಂದಿತ್ತು. ಮಗಳು ಕಲಿತವಳು, ಅವಳ ದನಿ ತಪ್ಪುವುದಿಲ್ಲ. ತಪ್ಪಿದ್ದು ತನ್ನ ತಲೆ. ಎರಡು ವಾರ ಅವನು ಹಗಲೆಲ್ಲ ಅದನ್ನೇ ನಂಬುತ್ತ ಮಲಗಿದ್ದ ಎಂದು ಅವಳಿಗೆ ಈಗ ತಿಳಿಯಿತು.

"ಖರೇ ಹೇಳಾಕತ್ತೇನಪ್ಪಾ. ನಿನ್ನ ತಲಿ ನೆಟ್ಟಗತಿ."

ಅವನು ಎಡಗೈ ಎತ್ತಿ ಅವಳ ಕೆನ್ನೆ ಸವರಿದ. ಅವಳು ಸಣ್ಣವಳಿದ್ದಾಗ ಏನಾದರೂ ಸುಳ್ಳು ಹೇಳಿ ಅವನನ್ನು ಸಮಾಧಾನಪಡಿಸಲು ಬಂದರೆ ಸವರುತ್ತಿದ್ದ ಹಾಗೆ.

"ಒಂದ ಸಲ ಮುಟ್ಟಪ್ಪಾ."

ಅವಳೇ ಅವನ ಬೆರಳು ಹಿಡಿದು ಚಿತ್ರದ ಮೇಲಿಟ್ಟಳು. ನೀರು ಎಂದಿತು. ಬೆರಳು ಅವಳು ಇಟ್ಟಲ್ಲೇ ಇತ್ತು, ಬೇರೆ ಯಾರದ್ದೋ ಎಂಬಂತೆ. ಅವಳು ಕೈಬಿಟ್ಟಳು. ಅವನು ಮೊಬೈಲನ್ನು ಮೆಲ್ಲಗೆ ಅವಳ ಕಡೆ ಸರಿಸಿ, ಗೋಡೆಯ ಕಡೆ ಹೊರಳಿದ.